ಮುಳುಗಿದ ವೆಚ್ಚ: ಹೋದ ದುಡ್ಡನ್ನು ವ್ಯಾಪಾರ ಏಕೆ ಬಿಡುವುದಿಲ್ಲ?

ನಾನು ನಿಮಗೆ ವಾಣಿಜ್ಯ ವಿಷಯ ಕಲಿಸುವವನು. ತರಗತಿಯಲ್ಲಿ ಹತ್ತು ನಿಮಿಷದಲ್ಲಿ ಹೇಳಿ ಮುಗಿಸುವ ಒಂದು ಪಾಠವನ್ನು ಸ್ವಂತ ಅಣ್ಣನ ಮುಂದೆ ಬಾಯಿಬಿಟ್ಟು ಹೇಳಲು ನನಗೆ ಎಂಟು ತಿಂಗಳು ಹಿಡಿಯಿತು. ಆ ಪಾಠದ ಹೆಸರು ‘ಸಂಕ್ ಕಾಸ್ಟ್’, ಅಂದರೆ ಮುಳುಗಿದ ವೆಚ್ಚ. ಅಣ್ಣನ ಒಪ್ಪಿಗೆ ಪಡೆದು ಅವನ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸುಲಭವಾಗಲೆಂದು ಅಂಕಿಗಳನ್ನು ಸಾವಿರಕ್ಕೆ ಸರಿಹೊಂದಿಸಿದ್ದೇನೆ.

ಅಣ್ಣನದು ಬೇಕರಿ ವ್ಯಾಪಾರ. ಊರಿನ ಮಾರ್ಕೆಟ್ ಬಳಿ ಅಬ್ಬಾ ಕಾಲದಿಂದಲೂ ನಡೆದುಕೊಂಡು ಬಂದ ಅಂಗಡಿಯಿದೆ. ಬನ್, ರಸ್ಕ್, ಖಾರಾ ಬಿಸ್ಕತ್ತು, ದಿಲ್‌ಪಸಂದ್ ಅಲ್ಲಿ ಚೆನ್ನಾಗಿ ಹೋಗುತ್ತವೆ. ಅದರ ಲಾಭದಲ್ಲಿ ಉಳಿಸಿದ್ದು ಐದು ಲಕ್ಷ. ಮಾಮು ಕೈಸಾಲವಾಗಿ ಕೊಟ್ಟದ್ದು ನಾಲ್ಕು ಲಕ್ಷ. ಒಟ್ಟು ಒಂಬತ್ತು ಲಕ್ಷ ಹಾಕಿ ಊರ ಹೊರಗಿನ ಹೆದ್ದಾರಿ ಬದಿಯಲ್ಲಿ ಅಣ್ಣ ಎರಡನೆಯ ಅಂಗಡಿ ತೆರೆದ. ದೂರದ ಊರಿನ ಬಸ್ಸುಗಳು ಅಲ್ಲಿ ಚಹಾಕ್ಕೆ ನಿಲ್ಲುತ್ತಿದ್ದವು. ‘ಇಷ್ಟು ಮಾರಾಟ ಆಗುತ್ತದೆ, ಇಷ್ಟು ಉಳಿಯುತ್ತದೆ’ ಎಂಬ ಅಂದಾಜು ಪಟ್ಟಿಯನ್ನು ಬರೆದುಕೊಟ್ಟವನು ನಾನೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ನಾಲ್ಕು ತಿಂಗಳು ಲೆಕ್ಕ ಸರಿಯಾಗಿಯೇ ಇತ್ತು. ಒಂದು ತಿಂಗಳಂತೂ 2,25,000 ರೂಪಾಯಿ ಮಾರಾಟವಾಯಿತು. ಆಮೇಲೆ ಬೈಪಾಸ್ ರಸ್ತೆ ತೆರೆಯಿತು. ಬಸ್ಸು, ಲಾರಿ, ಕಾರು ಎಲ್ಲವೂ ಊರನ್ನು ಬಿಟ್ಟು ಹೊರಗಿನಿಂದಲೇ ಹೋಗತೊಡಗಿದವು. ಮಾರಾಟ ಇಳಿದು 1,80,000ದ ಹತ್ತಿರ ನಿಂತಿತು, ಮತ್ತೆ ಏಳಲಿಲ್ಲ.

ಮುಳುಗಿದ್ದು ಎಷ್ಟು?

ಮುಳುಗಿದ ವೆಚ್ಚ ಎಂದರೆ ಈಗಾಗಲೇ ಖರ್ಚಾಗಿರುವ, ಮುಂದೆ ನಾವು ಯಾವ ತೀರ್ಮಾನ ಮಾಡಿದರೂ ಹಿಂದಕ್ಕೆ ಬಾರದ ಹಣ. ಈ ವಾಕ್ಯದ ಎರಡನೆಯ ಭಾಗವೇ ಮುಖ್ಯ. ಖರ್ಚಾದ ಹಣವೆಲ್ಲ ಮುಳುಗಿದ ಹಣವಲ್ಲ. ಅಂಗಡಿ ಮುಚ್ಚಿದರೆ ಕೈಗೆ ಬರುವಂಥದ್ದು ಏನಾದರೂ ಇದ್ದರೆ ಅಷ್ಟು ಮುಳುಗಿಲ್ಲ ಎಂದರ್ಥ.

ಅಣ್ಣನ ಒಂಬತ್ತು ಲಕ್ಷವನ್ನು ಬಿಡಿಸಿ ನೋಡೋಣ. ಓವನ್ ಮತ್ತು ಹಿಟ್ಟು ಕಲಸುವ ಯಂತ್ರಕ್ಕೆ 2,50,000 ಆಗಿತ್ತು. ಹಳೆಯ ಯಂತ್ರ ಕೊಳ್ಳುವವರು 1,40,000 ಕೊಡಲು ತಯಾರಿದ್ದರು. ಕೇಕ್ ಇಡುವ ಗಾಜಿನ ಫ್ರಿಜ್‌ಗೆ 1,00,000 ಕೊಟ್ಟಿದ್ದ, ಅದಕ್ಕೆ 50,000 ಬರುತ್ತಿತ್ತು. ಮಳಿಗೆಯ ಮಾಲೀಕರಿಗೆ ಕೊಟ್ಟ ಅಡ್ವಾನ್ಸ್ 1,00,000 ಪೂರ್ತಿ ವಾಪಸು ಬರಬೇಕಾದದ್ದು. ಉಳಿದ 4,50,000 ಹೋದದ್ದು ಟೈಲ್ಸ್, ಫಾಲ್ಸ್ ಸೀಲಿಂಗ್, ವೈರಿಂಗ್, ಗೋಡೆಗೆ ಕೂರಿಸಿದ ಕಪಾಟು, ನಾಮಫಲಕಕ್ಕೆ. ಗೋಡೆಗೆ ಅಂಟಿಸಿದ ಟೈಲ್ಸನ್ನು ಕಿತ್ತು ಮಾರಲಾಗುವುದಿಲ್ಲ. ಅಣ್ಣನ ಹೆಸರಿರುವ ಬೋರ್ಡು ಬೇರೆಯವರಿಗೆ ಬೇಡ.

ಹಾಗಾಗಿ ಒಂಬತ್ತು ಲಕ್ಷದಲ್ಲಿ 2,90,000 ಇನ್ನೂ ಜೀವಂತವಿತ್ತು. ಮುಳುಗಿದ್ದು 6,10,000. ಅಂಗಡಿ ನಡೆಸಿದರೂ ಅಷ್ಟು ಹೋಗಿದೆ, ಮುಚ್ಚಿದರೂ ಅಷ್ಟು ಹೋಗಿದೆ. ಎರಡೂ ದಾರಿಯಲ್ಲಿ ಒಂದೇ ಆಗಿರುವ ಮೊತ್ತವು ಯಾವ ದಾರಿ ಮೇಲು ಎಂದು ಹೇಳಲಾರದು. ಸಂಕ್ ಕಾಸ್ಟ್ ಅನ್ನು ತೀರ್ಮಾನದಿಂದ ಹೊರಗಿಡಬೇಕು ಎನ್ನುವುದಕ್ಕೆ ಇರುವ ಕಾರಣ ಇಷ್ಟೇ. ಆ ಹಣಕ್ಕೆ ಬೆಲೆಯಿಲ್ಲ ಎಂದಲ್ಲ, ಅದು ಎರಡು ತಕ್ಕಡಿಯಲ್ಲೂ ಸಮನಾಗಿ ಕೂತಿದೆ ಎಂದು.

ಮಾಮುವಿನ ಸಾಲವೂ ಹೀಗೆಯೇ. ‘ಅಂಗಡಿ ಮುಚ್ಚಿದರೆ ಮಾಮುಗೆ ತಿಂಗಳಿಗೆ ಹತ್ತು ಸಾವಿರ ಎಲ್ಲಿಂದ ಕೊಡೋದು?’ ಎಂದು ಅಣ್ಣ ಕೇಳುತ್ತಿದ್ದ. ನಿಜ ಹೇಳಬೇಕೆಂದರೆ ಆ ಹತ್ತು ಸಾವಿರ ಹೊಸ ಅಂಗಡಿಯಿಂದ ಬರುತ್ತಲೇ ಇರಲಿಲ್ಲ, ಹಳೆಯ ಅಂಗಡಿಯ ಗಲ್ಲಾದಿಂದ ಹೋಗುತ್ತಿತ್ತು. ಹೊಸದು ತೆರೆದಿದ್ದರೂ ಕೊಡಬೇಕು, ಮುಚ್ಚಿದರೂ ಕೊಡಬೇಕು. ಸಾಲ ದೊಡ್ಡ ಚಿಂತೆಯೇ ಹೌದು, ಆದರೆ ಅದು ಈ ಪ್ರಶ್ನೆಯ ಚಿಂತೆಯಲ್ಲ.

ಮುಂದಿನ ಲೆಕ್ಕ

ಹಾಗಾದರೆ ನೋಡಬೇಕಾದದ್ದು ಏನನ್ನು? ಇವತ್ತಿನಿಂದ ಮುಂದಕ್ಕೆ ಬರುವುದನ್ನು ಮತ್ತು ಹೋಗುವುದನ್ನು. ತಿಂಗಳ ಮಾರಾಟ 1,80,000. ಮೈದಾ, ಸಕ್ಕರೆ, ಬೆಣ್ಣೆ, ಪ್ಯಾಕಿಂಗ್ ಸೇರಿ ಮಾಲಿಗೆ ನೂರಕ್ಕೆ ಅರವತ್ತು, ಅಂದರೆ 1,08,000. ಕೈಯಲ್ಲಿ ಉಳಿಯುವುದು 72,000. ಅದರಲ್ಲಿ ಮೂವರು ಕೆಲಸದವರ ಸಂಬಳ 45,000, ಗ್ಯಾಸ್ ಮತ್ತು ಕರೆಂಟು 14,000, ಚಿಲ್ಲರೆ ಖರ್ಚು 3,000, ಬಾಡಿಗೆ 22,000. ಒಟ್ಟು 84,000. ತಿಂಗಳಿಗೆ 12,000 ನಷ್ಟ.

ಅಣ್ಣನಿಗೆ ಈ ನಷ್ಟ ಗೊತ್ತಿರಲಿಲ್ಲವೆಂದಲ್ಲ. ಅವನ ಹತ್ತಿರ ಅದಕ್ಕೆ ಪರಿಹಾರವೂ ಇತ್ತು. ಇನ್ನೂ ಮೂರು ಲಕ್ಷ ಹಾಕಿ ಜ್ಯೂಸ್ ಕೌಂಟರ್ ಮಾಡುವುದು, ನಾಲ್ಕು ಟೇಬಲ್ ಹಾಕುವುದು. ‘ಇಷ್ಟು ಹಾಕಿದ ಮೇಲೆ ಮೂರು ಲಕ್ಷಕ್ಕೆ ಹಿಂದೆ ಮುಂದೆ ನೋಡಿದರೆ ಒಂಬತ್ತು ಲಕ್ಷವೂ ಹೋಗುತ್ತಲ್ಲ’ ಎಂಬುದು ಅವನ ವಾದ. ‘ಕಳೆದುಕೊಂಡಲ್ಲೇ ಹುಡುಕಬೇಕು’ ಎಂಬ ಗಾದೆ ಮಾತನ್ನೂ ಸೇರಿಸುತ್ತಿದ್ದ. ಕೇಳಲು ಸರಿಯಾಗಿಯೇ ಇದೆ. ಆದರೆ ಗಮನಿಸಿ, ಈ ವಾದದಲ್ಲಿ ಮೂರು ಲಕ್ಷದಿಂದ ಏನು ಬರುತ್ತದೆ ಎಂಬ ಮಾತೇ ಇಲ್ಲ. ಒಂಬತ್ತು ಲಕ್ಷದ ಮಾತು ಮಾತ್ರ ಇದೆ.

ಮೂರು ಲಕ್ಷದಿಂದ ಬರುವುದನ್ನು ಅಣ್ಣನ ಅಂದಾಜಿನ ಮೇಲೆಯೇ ಲೆಕ್ಕ ಹಾಕೋಣ. ಮಾರಾಟ ತಿಂಗಳಿಗೆ 60,000 ಹೆಚ್ಚಬಹುದು ಎಂದಿದ್ದ. ಮಾಲಿನ ಖರ್ಚು ಕಳೆದರೆ 24,000. ಇನ್ನೊಬ್ಬ ಹುಡುಗನ ಸಂಬಳ 13,000, ಹೆಚ್ಚಿನ ಕರೆಂಟು 4,000. ಉಳಿಯುವುದು 7,000. ಅಂದರೆ 12,000 ನಷ್ಟವಿದ್ದದ್ದು 5,000 ಆಗುತ್ತದೆ. ನಷ್ಟ ಕಡಿಮೆಯಾಯಿತು, ನಿಲ್ಲಲಿಲ್ಲ. ತಿಂಗಳಿಗೆ ಐದು ಸಾವಿರ ಕಳೆದುಕೊಳ್ಳುವ ಅಂಗಡಿಗಾಗಿ ಹೊಸದಾಗಿ ಮೂರು ಲಕ್ಷ ಹಾಕಬೇಕು. ಜೊತೆಗೆ, ಮುಚ್ಚಿದರೆ ಕೈಗೆ ಬರುವ 2,90,000 ಅನ್ನು ಬಿಡಬೇಕು. ಈ ಎರಡನೆಯದನ್ನು ಜನ ಲೆಕ್ಕಕ್ಕೆ ತರುವುದೇ ಇಲ್ಲ. ಮುಳುಗಿದ ಆರು ಲಕ್ಷದ ಮೇಲೆ ಕಣ್ಣಿಟ್ಟವರಿಗೆ ಇನ್ನೂ ಮುಳುಗದ ಮೂರು ಲಕ್ಷ ಕಾಣುವುದಿಲ್ಲ.

ಹಾಗೆಂದು ಮರುದಿನವೇ ಬೀಗ ಹಾಕುವುದು ಸರಿಯೇ? ಅದೂ ಅಲ್ಲ. ಬಾಡಿಗೆ ಕರಾರಿನಲ್ಲಿ ಮೂರು ತಿಂಗಳ ನೋಟಿಸ್ ಕೊಡಬೇಕೆಂದಿತ್ತು. ಮುಚ್ಚಿದರೂ ಆ ಮೂರು ತಿಂಗಳ ಬಾಡಿಗೆ ಕೊಡಲೇಬೇಕು. ಆದ್ದರಿಂದ ಆ ಅವಧಿಗೆ ಬಾಡಿಗೆಯೂ ಎರಡು ತಕ್ಕಡಿಯಲ್ಲಿ ಸಮನಾಗಿ ಕೂರುವ ಖರ್ಚು. ಬೀಗ ಹಾಕಿದರೆ ತಿಂಗಳ ನಷ್ಟ 22,000. ಅಂಗಡಿ ನಡೆಸಿದರೆ 72,000 ಬಂದು, ಸಂಬಳ, ಗ್ಯಾಸ್, ಚಿಲ್ಲರೆ ಖರ್ಚಿನ 62,000 ಹೋಗಿ, ಬಾಡಿಗೆಯ ಕಡೆಗೆ 10,000 ಉಳಿಯುತ್ತದೆ. ಆಗ ನಷ್ಟ 12,000 ಮಾತ್ರ. ಹಾಗಾದರೆ ಸರಿಯಾದ ದಾರಿ: ಇವತ್ತೇ ನೋಟಿಸ್ ಕೊಡುವುದು, ಮೂರು ತಿಂಗಳು ಅಂಗಡಿ ನಡೆಸುವುದು, ಆಮೇಲೆ ಮುಚ್ಚುವುದು.

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಉದ್ಯಮ ಘಟಕವು ಅಲ್ಪಾವಧಿಯಲ್ಲಿ ನಷ್ಟದಲ್ಲಿದ್ದರೂ ಬದಲಾಗುವ ವೆಚ್ಚ ಹುಟ್ಟುವವರೆಗೆ ಉತ್ಪಾದನೆ ನಡೆಸುತ್ತದೆ, ದೀರ್ಘಾವಧಿಯಲ್ಲಿ ಹೊರಬೀಳುತ್ತದೆ ಎಂದು ಓದುತ್ತೀರಲ್ಲ, ಅದು ಇದೇ. ಅಲ್ಲಿ ಅಲ್ಪಾವಧಿ ಎಂದರೆ ಅಣ್ಣನ ನೋಟಿಸಿನ ಮೂರು ತಿಂಗಳು.

ಗೊತ್ತಿದ್ದೂ ಏಕೆ ಆಗುವುದಿಲ್ಲ?

ಲೆಕ್ಕ ಇಷ್ಟು ಸುಲಭ. ಆದರೂ ಅಣ್ಣ ಎಂಟು ತಿಂಗಳು ತಳ್ಳಿದ. ಅಣ್ಣನಿಗೆ ಲೆಕ್ಕ ಬರುವುದಿಲ್ಲ ಎಂದು ನಾನು ಹೇಳಲಾರೆ. ಬನ್ನಿನ ಬೆಲೆ ಐವತ್ತು ಪೈಸೆ ಏರಿಸಿದರೆ ವಾರದ ಕೊನೆಗೆ ಏನಾಗುತ್ತದೆ ಎಂದು ಕಾಗದವಿಲ್ಲದೆ ಹೇಳುವವನು ಅವನು.

ಮೊದಲ ಕಾರಣ ನನಗೆ ಅವನ ಮಾತಿನಿಂದಲೇ ಹೊಳೆಯಿತು. ಅಂಗಡಿ ತೆರೆದಿರುವವರೆಗೆ ಅವನು ‘ಒಂಬತ್ತು ಲಕ್ಷ ಹಾಕಿದ್ದೇನೆ’ ಎನ್ನುತ್ತಿದ್ದ. ಮುಚ್ಚುವ ಮಾತು ಬಂದಾಗ ಮಾತ್ರ ‘ಒಂಬತ್ತು ಲಕ್ಷ ಕಳೆದುಕೊಂಡೆ ಅಂತ ಆಗುತ್ತದೆ’ ಎನ್ನುತ್ತಿದ್ದ. ಬಾಗಿಲು ತೆರೆದಿದ್ದರೆ ಅದು ಹೂಡಿಕೆ, ಬಾಗಿಲು ಹಾಕಿದ ದಿನ ಅದು ನಷ್ಟ. ಹಣ ಹೋದದ್ದು ಬೈಪಾಸ್ ತೆರೆದಾಗ, ಆದರೆ ಹೋಯಿತು ಎಂದು ಬರೆದುಕೊಳ್ಳಬೇಕಾದದ್ದು ಬೀಗ ಹಾಕಿದಾಗ. ಬರೆದುಕೊಳ್ಳುವ ದಿನವನ್ನು ಮುಂದಕ್ಕೆ ಹಾಕಲು ಅಣ್ಣ ತಿಂಗಳಿಗೆ ಹನ್ನೆರಡು ಸಾವಿರ ಕೊಡುತ್ತಿದ್ದ. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಸಿದ್ಧಾಂತ ಇದನ್ನೇ ವಿವರಿಸುತ್ತದೆ. ಅಷ್ಟೇ ಮೊತ್ತದ ಲಾಭ ಕೊಡುವ ಸಂತೋಷಕ್ಕಿಂತ ನಷ್ಟ ಕೊಡುವ ನೋವು ಹೆಚ್ಚು. ಖಚಿತವಾದ ನಷ್ಟವನ್ನು ಒಪ್ಪಿಕೊಳ್ಳುವ ಬದಲು, ತಪ್ಪಿಸಿಕೊಳ್ಳುವ ಸಣ್ಣ ಆಸೆಯಿದ್ದರೂ ಸಾಕು, ಇನ್ನೂ ದೊಡ್ಡ ನಷ್ಟದ ಅಪಾಯಕ್ಕೆ ಮನುಷ್ಯ ಕೈಹಾಕುತ್ತಾನೆ.

ಲೆಕ್ಕದ ಪುಸ್ತಕವೂ ಈ ಭ್ರಮೆಗೆ ನೀರೆರೆಯುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ಟೈಲ್ಸು, ಸೀಲಿಂಗು, ಬೋರ್ಡು ಎಲ್ಲವೂ ‘ಆಸ್ತಿ’ಯ ಕಡೆಗೇ ಕೂತಿರುತ್ತವೆ. ವರ್ಷಕ್ಕಿಷ್ಟು ಸವಕಳಿ ಕಳೆಯುತ್ತೇವೆ, ಉಳಿದದ್ದು ಆಸ್ತಿಯೆಂದೇ ಕಾಣುತ್ತದೆ. ಪುಸ್ತಕದಲ್ಲಿರುವ ಬೆಲೆ ಬೇರೆ, ಮಾರಿದರೆ ಬರುವ ಬೆಲೆ ಬೇರೆ. ತೀರ್ಮಾನಕ್ಕೆ ಬೇಕಾದದ್ದು ಎರಡನೆಯದು.

ಎರಡನೆಯ ಕಾರಣ, ದುಡ್ಡು ಕೊಟ್ಟ ವಸ್ತುವನ್ನು ಬಳಸದಿದ್ದರೆ ದಂಡವಾಯಿತು ಎಂಬ ಭಾವನೆ. ಚಿಕ್ಕಂದಿನಿಂದ ‘ತಟ್ಟೆಯಲ್ಲಿ ಬಿಡಬೇಡ, ದುಡ್ಡು ಕೊಟ್ಟು ತಂದದ್ದು’ ಎಂದು ಕೇಳಿ ಬೆಳೆದವರು ನಾವು. ಇದರ ಬಲ ಎಷ್ಟೆಂದು ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಎಂಬ ಸಂಶೋಧಕರು ಅಮೆರಿಕದ ಒಹಾಯೊ ವಿಶ್ವವಿದ್ಯಾಲಯದ ನಾಟಕ ಮಂದಿರದಲ್ಲಿ ಪರೀಕ್ಷಿಸಿದರು. ಅವರ ಲೇಖನ 1985ರಲ್ಲಿ ಪ್ರಕಟವಾಯಿತು. ಇಡೀ ವರ್ಷದ ನಾಟಕಗಳಿಗೆ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆ 15 ಡಾಲರಿಗೆ ಕೊಟ್ಟರು. ಇನ್ನು ಕೆಲವರಿಗೆ 2 ಡಾಲರ್, ಮತ್ತೆ ಕೆಲವರಿಗೆ 7 ಡಾಲರ್ ರಿಯಾಯಿತಿ ಕೊಟ್ಟರು. ಯಾರಿಗೆ ಯಾವ ಬೆಲೆ ಎಂಬುದಕ್ಕೆ ಅವರ ಆಸಕ್ತಿ ಕಾರಣವಾಗಿರಲಿಲ್ಲ, ಚೀಟಿ ಎತ್ತಿದಂತೆ ಹಂಚಿದ್ದು. ವರ್ಷದ ಮೊದಲ ಐದು ನಾಟಕಗಳಲ್ಲಿ ಪೂರ್ತಿ ಬೆಲೆ ಕೊಟ್ಟವರು ಸರಾಸರಿ ನಾಲ್ಕಕ್ಕಿಂತ ತುಸು ಹೆಚ್ಚು ನಾಟಕ ನೋಡಿದರು. ರಿಯಾಯಿತಿ ಪಡೆದವರು ಮೂರಕ್ಕಿಂತ ತುಸು ಹೆಚ್ಚು. ನಾಟಕ ಅದೇ, ಕುರ್ಚಿ ಅದೇ. ಹೆಚ್ಚು ಕೊಟ್ಟವರು ಹೆಚ್ಚು ಸಲ ಬಂದರು. ವರ್ಷದ ಕೊನೆಯರ್ಧದಲ್ಲಿ ಮಾತ್ರ ಈ ವ್ಯತ್ಯಾಸ ಅಳಿಸಿಹೋಯಿತು. ಕೊಟ್ಟ ದುಡ್ಡಿನ ಉರಿ ಕಾಲ ಕಳೆದಂತೆ ಆರುತ್ತದೆ ಎಂದು ಇದರಿಂದ ಊಹಿಸಬಹುದು.

ಮೂರನೆಯ ಕಾರಣ ನನಗೇ ತಾಗುವಂಥದ್ದು. ಅಮೆರಿಕದ ಬ್ಯಾರಿ ಸ್ಟಾ ಎಂಬ ಪ್ರಾಧ್ಯಾಪಕರು 1976ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ವಾಣಿಜ್ಯ ವಿದ್ಯಾರ್ಥಿಗಳಿಗೆ ಒಂದು ಕಲ್ಪಿತ ಕಂಪನಿಯನ್ನು ಒಪ್ಪಿಸಿ, ಅದರ ಎರಡು ವಿಭಾಗಗಳಲ್ಲಿ ಯಾವುದಕ್ಕೆ ಹಣ ಹಾಕಬೇಕೆಂದು ಕೇಳಿದರು. ಆಮೇಲೆ ಕೆಲವರಿಗೆ ‘ನೀವು ಆರಿಸಿದ ವಿಭಾಗ ಹಿಂದೆಬಿತ್ತು’ ಎಂದು ತಿಳಿಸಿ, ಎರಡನೆಯ ಕಂತಿನ ಹಣ ಹಂಚಲು ಹೇಳಿದರು. ಮತ್ತೊಂದು ಗುಂಪಿಗೆ ಅದೇ ಸ್ಥಿತಿ ಕೊಟ್ಟರು, ಆದರೆ ಮೊದಲ ಆಯ್ಕೆ ಬೇರೆಯವರದು ಎಂದರು. ಸೋತ ವಿಭಾಗಕ್ಕೆ ಅತಿ ಹೆಚ್ಚು ಹಣ ಹಾಕಿದವರು ಅದನ್ನು ತಾವೇ ಆರಿಸಿದವರು! ಸೋಲು ತನ್ನದಾದಾಗ ಮನುಷ್ಯ ಹಣ ಹಾಕುವುದು ವ್ಯಾಪಾರವನ್ನು ಉಳಿಸುವುದಕ್ಕೆ ಮಾತ್ರವಲ್ಲ, ತನ್ನ ಮೊದಲ ತೀರ್ಮಾನ ಸರಿಯಾಗಿತ್ತು ಎಂದು ತೋರಿಸುವುದಕ್ಕೂ ಹೌದು.

ಅಂದಾಜು ಪಟ್ಟಿ ಬರೆದವನು ನಾನೆಂದು ಹೇಳಿದ್ದೆನಲ್ಲ. ಎಂಟು ತಿಂಗಳು ನಾನು ಸುಮ್ಮನಿದ್ದದ್ದು ಅಣ್ಣನಿಗೆ ನೋವಾಗುತ್ತದೆಂದು ಮಾತ್ರವಲ್ಲ. ಮುಚ್ಚು ಎಂದರೆ ನನ್ನ ಪಟ್ಟಿ ತಪ್ಪಿತ್ತು ಎಂದಾಗುತ್ತಿತ್ತು. ‘ಇನ್ನೆರಡು ತಿಂಗಳು ನೋಡೋಣ, ಮದುವೆ ಸೀಸನ್ ಬರಲಿ’ ಎಂದವನು ನಾನೂ ಹೌದು.

ಕಾಂಕಾರ್ಡ್ ವಿಮಾನದ ಕಥೆ

ಬೇಕರಿಯಲ್ಲಿ ಆಗುವುದು ಸರಕಾರಗಳಿಗೂ ಆಗುತ್ತದೆ. ಈ ತಪ್ಪಿಗೆ ‘ಕಾಂಕಾರ್ಡ್ ಫ್ಯಾಲಸಿ’ ಎಂಬ ಹೆಸರೇ ಬಿದ್ದಿದೆ. ಶಬ್ದದ ವೇಗವನ್ನು ಮೀರಿ ಹಾರುವ ಪ್ರಯಾಣಿಕ ವಿಮಾನ ಕಟ್ಟಲು ಬ್ರಿಟನ್ ಮತ್ತು ಫ್ರಾನ್ಸ್ 1962ರ ನವೆಂಬರಿನಲ್ಲಿ ಒಪ್ಪಂದ ಮಾಡಿಕೊಂಡವು. ಆಗಿನ ಅಂದಾಜು ಸುಮಾರು 15ರಿಂದ 17 ಕೋಟಿ ಪೌಂಡ್. 1976ರಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಹೊತ್ತಿಗೆ ಅಭಿವೃದ್ಧಿಯ ಖರ್ಚು ನೂರು ಕೋಟಿ ಪೌಂಡ್ ದಾಟಿತ್ತು. ಅಷ್ಟರಲ್ಲಿ, 1973ರ ಜನವರಿಯಲ್ಲೇ ಪ್ಯಾನ್ ಆಮ್ ಮತ್ತು ಟಿಡಬ್ಲ್ಯೂಎ ಎಂಬ ಅಮೆರಿಕದ ದೊಡ್ಡ ವಿಮಾನ ಸಂಸ್ಥೆಗಳು ಕೊಳ್ಳುವ ಯೋಚನೆಯನ್ನು ಕೈಬಿಟ್ಟಿದ್ದವು. ಪರೀಕ್ಷೆಯ ವಿಮಾನಗಳೂ ಸೇರಿ ಕಟ್ಟಿದ್ದು ಒಟ್ಟು 20, ಪ್ರಯಾಣಿಕರ ಸೇವೆಗೆ ಹೋದದ್ದು 14. ಅವು ಎರಡೂ ದೇಶಗಳ ಸ್ವಂತ ವಿಮಾನ ಸಂಸ್ಥೆಗಳಿಗೆ ಹೋದವು. 2003ರಲ್ಲಿ ಹಾರಾಟ ನಿಂತಿತು. ‘ಇಷ್ಟು ಖರ್ಚು ಮಾಡಿ ಈಗ ನಿಲ್ಲಿಸಲಾಗುತ್ತದೆಯೇ’ ಎಂಬ ಮಾತು ವರ್ಷವರ್ಷವೂ ಬಂತು, ವರ್ಷವರ್ಷವೂ ಆ ‘ಇಷ್ಟು’ ಬೆಳೆಯಿತು.

ಆದರೆ ಈ ಕಥೆಯಲ್ಲಿ ಪುಸ್ತಕಗಳು ಬೇಗ ದಾಟಿಹೋಗುವ ಒಂದು ತಿರುವಿದೆ. 1964ರಲ್ಲಿ ಅಧಿಕಾರಕ್ಕೆ ಬಂದ ಬ್ರಿಟನ್ನಿನ ಹೊಸ ಸರಕಾರ ಯೋಜನೆಯನ್ನು ನಿಲ್ಲಿಸಲು ನೋಡಿತ್ತು. ಒಪ್ಪಂದದಲ್ಲಿ ಒಬ್ಬರೇ ಹೊರಬರಲು ದಾರಿ ಇಟ್ಟಿರಲಿಲ್ಲ. ಬಿಟ್ಟರೆ ಫ್ರಾನ್ಸ್ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಬಹುದು, ಭಾರಿ ಪರಿಹಾರ ಕೊಡಬೇಕಾಗಬಹುದು ಎಂಬ ಭಯವಿತ್ತು. ಈ ಪರಿಹಾರದ ಹಣ ಸಂಕ್ ಕಾಸ್ಟ್ ಅಲ್ಲ. ಅದು ಇನ್ನೂ ಖರ್ಚಾಗಿಲ್ಲ, ಬಿಟ್ಟರೆ ಮಾತ್ರ ಖರ್ಚಾಗುವಂಥದ್ದು. ಹಾಗಾಗಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ತಪ್ಪಲ್ಲ. ಈಗಾಗಲೇ ಸುರಿದ ಹಣಕ್ಕಾಗಿ ಮುಂದುವರಿಯುವುದು ತಪ್ಪು, ಬಿಟ್ಟರೆ ತೆರಬೇಕಾದ ದಂಡಕ್ಕೆ ಅಂಜಿ ಮುಂದುವರಿಯುವುದು ಕೆಲವೊಮ್ಮೆ ಸರಿ. ಹೊರಗಿನವರ ಕಣ್ಣಿಗೆ ಎರಡೂ ಒಂದೇ ಹಟದಂತೆ ಕಾಣುತ್ತವೆ. ನಷ್ಟದ ಅಂಗಡಿಯನ್ನು ಯಾರಾದರೂ ನಡೆಸುತ್ತಿದ್ದರೆ ಮೂರ್ಖರೆನ್ನುವ ಮೊದಲು ಅವರ ಕರಾರು ಪತ್ರವನ್ನು ನೋಡಬೇಕು.

ಹಾಗೆಯೇ, ಹಿಂದಿನದನ್ನು ಮರೆಯಿರಿ ಎಂದರೆ ಯಾವಾಗಲೂ ನಿಲ್ಲಿಸಿ ಎಂದರ್ಥವಲ್ಲ. ಒಬ್ಬರು ಮಾರುವುದಕ್ಕಾಗಿ ಮನೆ ಕಟ್ಟುತ್ತಿದ್ದಾರೆ ಎನ್ನಿ. 20 ಲಕ್ಷ ಹೋಗಿದೆ, ಮುಗಿಸಲು ಇನ್ನೂ 5 ಲಕ್ಷ ಬೇಕು, ಮುಗಿದರೆ 12 ಲಕ್ಷಕ್ಕೆ ಮಾತ್ರ ಹೋಗುತ್ತದೆ. ಅರ್ಧಕ್ಕೆ ಇದ್ದಂತೆಯೇ ಮಾರಿದರೆ 4 ಲಕ್ಷ ಬರುತ್ತದೆ. ಒಟ್ಟಿನಲ್ಲಿ ಇದು ನಷ್ಟದ ವ್ಯವಹಾರವೇ. ಆದರೂ ಮುಗಿಸುವುದೇ ಸರಿ, ಏಕೆಂದರೆ 12ರಲ್ಲಿ 5 ಕಳೆದರೆ 7 ಉಳಿಯುತ್ತದೆ, ಅದು 4ಕ್ಕಿಂತ ಹೆಚ್ಚು. ‘ಇಪ್ಪತ್ತು ಲಕ್ಷ ಹೋಯಿತು, ಇನ್ನು ಒಂದು ಪೈಸೆ ಹಾಕೆನು’ ಎಂದು ಸಿಟ್ಟಿನಿಂದ ನಿಲ್ಲಿಸುವವರೂ ಮುಳುಗಿದ ಹಣದ ಮಾತನ್ನೇ ಕೇಳುತ್ತಿದ್ದಾರೆ, ತಿರುಗಿಸಿ ಕೇಳುತ್ತಿದ್ದಾರೆ ಅಷ್ಟೆ.

ಭಾಬಿ ಕೇಳಿದ ಪ್ರಶ್ನೆ

ಕೊನೆಗೆ ಗಂಟು ಬಿಡಿಸಿದ್ದು ನಾನಲ್ಲ, ಹಳೆಯ ಅಂಗಡಿಯ ಲೆಕ್ಕ ನೋಡಿಕೊಳ್ಳುವ ಭಾಬಿ. ಒಂದು ರಾತ್ರಿ ಊಟವಾದ ಮೇಲೆ ಅಣ್ಣ ಜ್ಯೂಸ್ ಕೌಂಟರಿನ ನಕ್ಷೆ ಹರಡಿಕೊಂಡು ಕೂತಿದ್ದ. ಭಾಬಿ ಕೇಳಿದರು: ‘ಈ ಅಂಗಡಿ ನಮ್ಮದಲ್ಲ ಅಂದ್ಕೊಳ್ಳಿ. ಯಾರೋ ಬಂದು ಓವನ್, ಫ್ರಿಜ್, ಅಡ್ವಾನ್ಸ್ ಎಲ್ಲ ಸೇರಿ 2,90,000ಕ್ಕೆ ಕೊಡ್ತೀನಿ, ನಡೆಸಿ ಅಂದರೆ ತಗೋತೀರಾ?’

ಅಣ್ಣ ತಕ್ಷಣ ಹೇಳಿದ: ‘ಬೈಪಾಸ್ ಆದಮೇಲೆ ಅಲ್ಲಿ ಯಾರು ತಗೋತಾರೆ?’ ಹೇಳಿದ ಮೇಲೆ ಸುಮ್ಮನಾದ. ತಾನೇನು ಹೇಳಿದೆ ಎಂದು ಅವನಿಗೇ ಕೇಳಿಸಿತ್ತು.

ಇಂಟೆಲ್ ಕಂಪನಿಯ ಚರಿತ್ರೆಯಲ್ಲಿ ಇಂಥದೇ ಒಂದು ಘಟನೆಯಿದೆ. ಮೆಮೊರಿ ಚಿಪ್‌ಗಳಿಂದ ಬೆಳೆದ ಕಂಪನಿ ಅದು. 1980ರ ದಶಕದ ಮಧ್ಯದಲ್ಲಿ ಜಪಾನಿನ ಕಂಪನಿಗಳ ಮುಂದೆ ಆ ವ್ಯಾಪಾರ ಸೋಲುತ್ತಿತ್ತು. ಬಿಡಲು ಮನಸ್ಸಿಲ್ಲ, ಕಂಪನಿಯ ಗುರುತೇ ಅದು. 1985ರಲ್ಲಿ ಆ್ಯಂಡಿ ಗ್ರೋವ್ ತಮ್ಮ ಮೇಲಧಿಕಾರಿ ಗಾರ್ಡನ್ ಮೂರ್ ಅವರನ್ನು ಕೇಳಿದರಂತೆ, ನಮ್ಮಿಬ್ಬರನ್ನೂ ತೆಗೆದು ಹೊಸಬರನ್ನು ತಂದರೆ ಅವರು ಏನು ಮಾಡುತ್ತಾರೆ ಎಂದು. ಮೆಮೊರಿ ವ್ಯಾಪಾರ ಬಿಡುತ್ತಾರೆ ಎಂಬುದು ಮೂರ್ ಕೊಟ್ಟ ಉತ್ತರ. ಹಾಗಾದರೆ ನಾವೇ ಹೊರಗೆ ಹೋಗಿ ಹೊಸಬರಂತೆ ಒಳಗೆ ಬಂದು ಆ ಕೆಲಸ ಏಕೆ ಮಾಡಬಾರದು ಎಂದರು ಗ್ರೋವ್. ಹಾಗೆಯೇ ಮಾಡಿ ಮೈಕ್ರೊಪ್ರೊಸೆಸರ್ ಕಡೆಗೆ ತಿರುಗಿದರು. ಭಾಬಿ ಈ ಕಥೆ ಓದಿದವರಲ್ಲ. ಆದರೆ ಎರಡೂ ಪ್ರಶ್ನೆ ಮಾಡುವ ಕೆಲಸ ಒಂದೇ. ಹಣ ಹಾಕದವನ, ತೀರ್ಮಾನ ಮಾಡದವನ ಕುರ್ಚಿಯಲ್ಲಿ ನಮ್ಮನ್ನು ಒಂದು ನಿಮಿಷ ಕೂರಿಸುತ್ತವೆ. ಅಲ್ಲಿಂದ ನೋಡಿದರೆ ಮುಳುಗಿದ ಆರು ಲಕ್ಷ ಕಾಣುವುದಿಲ್ಲ, ಮುಂದಿನ ದಾರಿ ಮಾತ್ರ ಕಾಣುತ್ತದೆ.

ಅಣ್ಣ ಮರುವಾರ ನೋಟಿಸ್ ಕೊಟ್ಟ. ಮೂರು ತಿಂಗಳು ಅಂಗಡಿ ನಡೆಸಿದ. ಓವನ್ನು, ಯಂತ್ರ ಮಾರಿದ. ಫ್ರಿಜ್ಜನ್ನು ಮಾರದೆ ಹಳೆಯ ಅಂಗಡಿಗೆ ತಂದ, ಅಲ್ಲಿ ಅದರ ಅಗತ್ಯವಿತ್ತು. ಕೆಲಸದ ಮೂವರಲ್ಲಿ ಒಬ್ಬರು ನಮ್ಮಲ್ಲೇ ಉಳಿದರು. ಇಬ್ಬರಿಗೆ ಮೂರು ತಿಂಗಳು ಮೊದಲೇ ಹೇಳಿದ್ದರಿಂದ ಬೇರೆ ಕಡೆ ಕೆಲಸ ಹುಡುಕಿಕೊಳ್ಳಲು ಸಮಯ ಸಿಕ್ಕಿತು. ಮಾಮುವಿನ ಸಾಲ ಇನ್ನೂ ತೀರುತ್ತಿದೆ.

ಈಗ ಲೆಕ್ಕ ನೋಡಿದರೆ ನಮ್ಮ ದೊಡ್ಡ ತಪ್ಪು ಅಂಗಡಿ ತೆರೆದದ್ದಲ್ಲ. ಬೈಪಾಸ್ ಇಷ್ಟು ಬೇಗ ತೆರೆಯುತ್ತದೆಂದು ನಮಗೆ ಗೊತ್ತಿರಲಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಬರೆದಿಡದದ್ದು ತಪ್ಪು. ಆ ಅಂಗಡಿಯ ತಿಂಗಳ ಖರ್ಚು 84,000, ಮಾರಾಟದ ನೂರರಲ್ಲಿ ನಲವತ್ತು ಉಳಿಯುತ್ತದೆ. ಹಾಗಾದರೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಮಾರಾಟ 2,10,000. ‘ಸತತ ಮೂರು ತಿಂಗಳು ಇಷ್ಟು ಮುಟ್ಟದಿದ್ದರೆ ನೋಟಿಸ್’ ಎಂದು ಮೊದಲ ದಿನ, ಒಂದು ರೂಪಾಯಿಯೂ ಮುಳುಗುವ ಮುಂಚೆ ಬರೆದಿದ್ದರೆ, ಐದು ತಿಂಗಳು ಮೊದಲೇ ಹೊರಬರುತ್ತಿದ್ದೆವು. 60,000 ಉಳಿಯುತ್ತಿತ್ತು, ಅಂದರೆ ಮಾಮುವಿಗೆ ಆರು ಕಂತು.

ಅಣ್ಣ ಈಗ ಕಾಲೇಜು ರಸ್ತೆಯಲ್ಲಿ ಒಂದು ಸಣ್ಣ ಮಳಿಗೆ ನೋಡುತ್ತಿದ್ದಾನೆ. ಅಂದಾಜು ಪಟ್ಟಿ ಬರೆದುಕೊಡಲು ಮತ್ತೆ ನನ್ನನ್ನೇ ಕೇಳಿದ. ಬರೆದುಕೊಟ್ಟೆ. ಈ ಸಲ ಕೊನೆಯ ಸಾಲಿನಲ್ಲಿ ಯಾವ ಮಾರಾಟಕ್ಕೆ ಬಾಗಿಲು ಹಾಕಬೇಕು ಎಂಬ ಅಂಕಿಯೂ ಇದೆ. ಅದರ ಕೆಳಗೆ ಅಣ್ಣನ ಸಹಿ, ನನ್ನ ಸಹಿ. ಕಾಗದ ಮಾತ್ರ ಭಾಬಿಯ ಹತ್ತಿರ ಇರುತ್ತದೆ.